ಮೊದಲು ಟಾರ್ಕ್ ಬರೆಯಬೇಡಿ

ಚಿಕ್ಕಮ್ಮನ ಮಗಳು ಮೂಡುಬಿದಿರೆಯಲ್ಲಿ ಸೆಕೆಂಡ್ ಪಿಯುಸಿ. ಮೊನ್ನೆ ಶನಿವಾರ ವೇಣೂರು ದಾರಿಯ ಬಸ್ಸಲ್ಲಿ ಬೆಳ್ತಂಗಡಿಗೆ, ನಮ್ಮ ಮನೆಗೆ ಬಂದವಳು ಮಾಕ್ ಪೇಪರ್ ಮುಂದಿಟ್ಟಳು. "ಅಣ್ಣ, ರೊಟೇಶನ್ ಲೆಕ್ಕ ಬಂದ್ರೆ ಮೊದಲು ಟಾರ್ಕ್ ಬರೀಬೇಕಲ್ವಾ?" ನಾವೂ ಹಾಗೇ ಮಾಡಿದವರು. ಬಂಟ್ವಾಳದ ನನ್ನ ರೂಮ್‌ಮೇಟ್ ಇವತ್ತಿಗೂ ಹಾಗೇ ಮಾಡುತ್ತಾನೆ. ನನ್ನ ಪ್ರಕಾರ ಅದು ಕೆಟ್ಟ ಅಭ್ಯಾಸ. ಸಿಇಟಿ ಫಿಸಿಕ್ಸ್‌ನಲ್ಲಿ 60 ಪ್ರಶ್ನೆಗೆ 80 ನಿಮಿಷ, ಅಂದರೆ ಒಂದಕ್ಕೆ 80 ಸೆಕೆಂಡು. ತಪ್ಪು ದಾರಿಯಲ್ಲಿ ಹೊರಟರೆ ವಾಪಸ್ ಬರಲು ಟೈಮ್ ಇಲ್ಲ.

ಚಿತ್ರ ನೋಡುವ ಮೊದಲು ಪ್ರಶ್ನೆಯ ಕೊನೆಯ ಸಾಲು ಓದಿ. M ತೂಕ, L ಉದ್ದದ ಒಂದು ಸರಳನ್ನು ತುದಿಯಲ್ಲಿ ಹಿಂಜ್‌ಗೆ ಸಿಕ್ಕಿಸಿ ಅಡ್ಡಲಾಗಿ ಹಿಡಿದಿದ್ದೀರಿ ಅನ್ನಿ. "ಬಿಟ್ಟ ಕ್ಷಣದಲ್ಲಿ ಆಂಗ್ಯುಲರ್ ಆಕ್ಸಲರೇಶನ್ ಎಷ್ಟು" ಅಂತಿದ್ದರೆ ಆ ಒಂದು ಕ್ಷಣದ ಮಾತು, ಟಾರ್ಕ್ ಸಾಕು: α = 3g/2L. "ನೇರ ಕೆಳಗೆ ಬಂದಾಗ ω ಎಷ್ಟು" ಅಂತಿದ್ದರೆ ಎರಡು ಸ್ಥಿತಿಗಳ ಮಾತು, ಎನರ್ಜಿ: ω² = 3g/L. ಟಾರ್ಕ್ ಅಭ್ಯಾಸದವರು ಇಲ್ಲೇ ಎಡವುವುದು. ಅದೇ α ಹಿಡಿದು ω² = 2αθ ಹಾಕಿದರೆ 3πg/2L ಬರುತ್ತದೆ. ಸರಳು ಇಳಿದಂತೆ ಟಾರ್ಕ್ ಕಮ್ಮಿಯಾಗುತ್ತದೆ, ಹಾಗಾಗಿ α ಒಂದೇ ಆಗಿರುವುದಿಲ್ಲ. ಉತ್ತರದಲ್ಲಿ π ಕಂಡರೆ ಒಮ್ಮೆ ಅನುಮಾನ ಪಡಿ.

ಅವಳು ತಪ್ಪಿದ್ದು ಮೂರನೆಯದರಲ್ಲಿ. ಸುಮ್ಮನೆ ನೇತಾಡುವ 3m ತೂಕದ ಸರಳಿನ ಕೆಳತುದಿಗೆ m ತೂಕದ ಜೇಡಿಮಣ್ಣಿನ ಉಂಡೆ v ವೇಗದಲ್ಲಿ ಅಡ್ಡ ಬಂದು ಅಂಟಿಕೊಳ್ಳುತ್ತದೆ. ಸರಳು ಎಷ್ಟು ಕೋನ ಏಳುತ್ತದೆ? "ಏಳುತ್ತದೆ" ಅಂದ ಕೂಡಲೇ ಅವಳು ½mv² ಅನ್ನು ಸೀದಾ ಮೇಲಿನ ಸ್ಥಿತಿಗೆ ಜೋಡಿಸಿದ್ದಾಳೆ. ಆದರೆ "ಅಂಟಿಕೊಳ್ಳುತ್ತದೆ" ಎಂಬ ಪದ ಇದ್ದಲ್ಲಿ ಎನರ್ಜಿ ಸೋರಿಹೋಗುತ್ತದೆ ಮಾರಾಯ್ರೆ. ಲೀನಿಯರ್ ಮೊಮೆಂಟಮ್ ಕೂಡ ಉಳಿಯುವುದಿಲ್ಲ, ಹೊಡೆತದ ಹೊತ್ತಿಗೆ ಹಿಂಜ್ ಸರಳನ್ನು ತಳ್ಳುತ್ತದೆ. ಆ ತಳ್ಳಿನ ಟಾರ್ಕ್ ಹಿಂಜ್ ಸುತ್ತ ಮಾತ್ರ ಸೊನ್ನೆ. ಆದ್ದರಿಂದ ಹಿಂಜ್ ಸುತ್ತ ಆಂಗ್ಯುಲರ್ ಮೊಮೆಂಟಮ್:

mvL = (mL² + mL²)ω, ω = v/2L

ಈಗ ಕೈನೆಟಿಕ್ ಎನರ್ಜಿ mv²/4, ಅಂದರೆ ಬಂದದ್ದರಲ್ಲಿ ಅರ್ಧ ಹೋಯಿತು. ಅಂಟಿದ ಮೇಲೆ ಮಾತ್ರ ಎನರ್ಜಿ ಬಳಸಿ. ಸರಳಿನ ಮಧ್ಯ L/2 ದೂರದಲ್ಲಿ, ಉಂಡೆ L ದೂರದಲ್ಲಿ:

(5/2)mgL(1 − cosθ) = mv²/4, 1 − cosθ = v²/10gL

ಮೊದಲಿಂದಲೇ ಎನರ್ಜಿ ಹಾಕಿದರೆ v²/5gL. ಅದೂ ಆಪ್ಶನ್‌ನಲ್ಲಿ ಇತ್ತು, ಅವಳು ಟಿಕ್ ಮಾಡಿದ್ದು ಅದನ್ನೇ.

"ಹಿಂಜೇ ಇಲ್ಲದಿದ್ರೆ? ನುಣುಪಾದ ಮೇಜಿನ ಮೇಲೆ ಸರಳು ಸುಮ್ಮನೆ ಬಿದ್ದಿದ್ರೆ?" ಅಂತ ಕೇಳಿದಳು. ಆಗ ತಳ್ಳುವವರು ಯಾರೂ ಇಲ್ಲ, ಲೀನಿಯರ್ ಕೂಡ ಉಳಿಯುತ್ತದೆ. ಅಂಟಿದ ಮೇಲಿನ ಮಾಸ್ ಸೆಂಟರ್ ಸುತ್ತ ಆಂಗ್ಯುಲರ್ ಬರೆಯಬೇಕು. ಅದನ್ನು ಅವಳೇ ಬಿಡಿಸಲಿ ಅಂತ ಚಾ ಕುಡಿಯಲು ಎದ್ದೆ.