ಉಲ್ಲೇಖಗಳ ಜಾಡಿನಲ್ಲಿ

ಗಡಿನಾಡಿನ ಕನ್ನಡವನ್ನು ಕುರಿತು ಸಂಪ್ರಬಂಧ ಬರೆಯುವವರು ‘ಕನ್ನಡ’, ‘ಮರಾಠಿ’ ಎಂಬ ಪದಗಳನ್ನಷ್ಟೇ ಹುಡುಕಿ ನಿಲ್ಲಬಾರದು. ಸಾಂಗ್ಲಿ ಜಿಲ್ಲೆಯ ಕುಪ್ವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಬಹುತೇಕ ಒಂದೇ ಆಗಿದೆಯೆಂದು ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ವಾದಿಸಿದರು. ಆ ಪ್ರಸಿದ್ಧ ಲೇಖನದ ಶೀರ್ಷಿಕೆಯಲ್ಲಿ ಕನ್ನಡದ ಹೆಸರೂ ಇಲ್ಲ, ಕುಪ್ವಾಡದ ಹೆಸರೂ ಇಲ್ಲ. ಇರುವುದು ‘ಇಂಡೋ-ಆರ್ಯನ್’, ‘ದ್ರಾವಿಡ’ ಎಂಬ ಮಾತುಗಳು. ಭಾಷಾಸಂಪರ್ಕವನ್ನು ಕುರಿತ ಯಾವುದಾದರೂ ಗ್ರಂಥದ ಪರಾಮರ್ಶನ ಪಟ್ಟಿಯನ್ನು ಓದಿದವರಿಗೆ ಮಾತ್ರ ಅದು ದೊರೆಯುತ್ತದೆ.

ಇದು ಹಿಂದಕ್ಕೆ ನಡೆಯುವ ದಾರಿ. ಇದು ಹಳೆಯ ಬರಹಗಳತ್ತ ಮಾತ್ರ ಒಯ್ಯುತ್ತದೆ. ಇಲ್ಲಿಗೇ ನಿಂತವರು 1971ರ ತೀರ್ಮಾನವನ್ನೇ ಇಂದಿನ ಸತ್ಯವೆಂದು ಬರೆದುಬಿಡುತ್ತಾರೆ. ಗೂಗಲ್ ಸ್ಕಾಲರ್‌ನಲ್ಲಿ ಆ ಲೇಖನದ ಕೆಳಗಿರುವ ‘Cited by’ ಒತ್ತಿದರೆ ಅದನ್ನು ಉಲ್ಲೇಖಿಸಿದ ನಂತರದ ಬರಹಗಳು ತೆರೆದುಕೊಳ್ಳುತ್ತವೆ. ಅದೇ ಊರನ್ನು ಮತ್ತೆ ಅಧ್ಯಯನ ಮಾಡಿ, ಆ ತೀರ್ಮಾನವನ್ನು ಪ್ರಶ್ನಿಸಿದ ಸೋನಲ್ ಕುಲಕರ್ಣಿ-ಜೋಶಿಯವರ 2016ರ ಲೇಖನ ಸಿಗುವುದು ಈ ಮುಂದಣ ದಾರಿಯಲ್ಲಿ.

ಆದರೆ ಒಂದು ಬಳಗದವರು ತಮ್ಮವರನ್ನೇ ಉಲ್ಲೇಖಿಸುವುದುಂಟು. ಆದ್ದರಿಂದ ಬೇರೆ ಬೇರೆ ಬಳಗದ ಎರಡು ಮೂರು ಲೇಖನಗಳಿಂದ ಹೊರಡಬೇಕು. ಮೇಲಾಗಿ, ನಮ್ಮ ಬಹುಪಾಲು ಕನ್ನಡ ಗ್ರಂಥಗಳು ಈ ಜಾಲದೊಳಗಿಲ್ಲ. ಅವುಗಳ ಕೊನೆಯ ಪುಟಗಳನ್ನು ಗ್ರಂಥಾಲಯದಲ್ಲಿ ಕುಳಿತು ನಾವೇ ಓದಬೇಕು.