ಲಸಿಕೆ ದಿನಕ್ಕೆ ವಿಡಿಯೊ ಯಾಕೆ? ನಾಲ್ಕು ಸಾಲು ಬರೆದರೆ ಸಾಕು

ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಊರಿಗೆ ಬರುತ್ತದೆ. ದುಡ್ಡಿಲ್ಲ, ಡೇರಿ ಮುಂದೆಯೇ ಹಾಕುತ್ತಾರೆ. ಆದರೂ ಪ್ರತಿ ಸಲ ಕೆಲವು ಮನೆಯವರು ಹಸು ಹಿಡಿದುಕೊಂಡು ಬರುವುದಿಲ್ಲ. ಅವರನ್ನು ಕರೆಸೋದು ಹೇಗೆ ಅನ್ನುವುದು ಪಶು ಸಖಿಯರಿಗೆ ದೊಡ್ಡ ತಲೆನೋವು. ಈಗ ಎಲ್ಲರ ಕೈಯಲ್ಲೂ ಫೋನಿದೆ, ವಿಡಿಯೊ ಮಾಡಿ ಗ್ರೂಪಿಗೆ ಹಾಕಿದರಾಯಿತು ಅಂದುಕೊಳ್ಳುತ್ತಾರೆ. ನಾವೂ ಹಾಗೆಯೇ ಅಂದುಕೊಂಡಿದ್ದೆವು.

ನಮ್ಮ ಪಕ್ಕದ ಊರಿನ ಪಶು ಸಖಿ ಅಕ್ಕನಿಗೆ ಕಳೆದ ಸಲ ವಿಡಿಯೊ ಮಾಡಿಕೊಟ್ಟವರು ನಾವೇ. ಒಂದೂವರೆ ನಿಮಿಷದ್ದು. "ನಾಳೆ ಬೆಳಗ್ಗೆ ಏಳಕ್ಕೆ ಡೇರಿ ಹತ್ರ ಹಸು ತನ್ನಿ" ಅಂತ ಅಕ್ಕ ಚೆನ್ನಾಗಿಯೇ ಹೇಳಿದರು. ಸಂಜೆ ಕಳಿಸಿದ್ದು. ತೋಟದ ಕಡೆ ನೆಟ್‌ವರ್ಕ್ ಇಲ್ಲದವರಿಗೆ ವಿಡಿಯೊ ತೆರೆಯಲಿಲ್ಲ, ಸುತ್ತುತ್ತಲೇ ಇತ್ತು. ಎಷ್ಟೋ ಮನೆಗಳಲ್ಲಿ ಫೋನು ಮಗನ ಜೇಬಲ್ಲಿ, ಹಸು ನೋಡಿಕೊಳ್ಳುವುದು ಅವ್ವ. ಮಾರನೇ ದಿನ ರಾತ್ರಿ ವಿಡಿಯೊ ನೋಡಿದ ಮೂರು ಮನೆಯವರು ಅದರ ಮರುದಿನ ಬೆಳಗ್ಗೆ ಹಸು ಹಿಡಿದುಕೊಂಡು ಬಂದು ನಿಂತರು. ಲಸಿಕೆ ಪೆಟ್ಟಿಗೆ ಆಗಲೇ ಬೇರೆ ಊರಿಗೆ ಹೋಗಿತ್ತು. ತಪ್ಪು ಅವರದಲ್ಲ, 'ನಾಳೆ' ಅಂದ ನಮ್ಮದು.

ದಿನ, ಹೊತ್ತು, ಜಾಗ ಇವೆಲ್ಲ ಬರಹಕ್ಕೆ ಸೇರಿದ ವಿಷಯ. ಬರಹ ಸಣ್ಣ ಸಿಗ್ನಲ್‌ನಲ್ಲೂ ಹೋಗುತ್ತದೆ. ಮತ್ತೆ ಹುಡುಕಿ ನೋಡಬಹುದು. ಓದಲು ಬಾರದ ಅವ್ವನಿಗೆ ಶಾಲೆ ಮಗುವೂ ಓದಿ ಹೇಳುತ್ತದೆ. ವಿಡಿಯೊದಲ್ಲಿ ಹೊತ್ತು ಎಲ್ಲಿ ಹೇಳಿದರು ಅಂತ ತಿಳಿಯಲು ಪೂರ್ತಿ ನೋಡಬೇಕು. ಈ ಸಲ ಅಕ್ಕ ಕಳಿಸಿದ್ದು ಇಷ್ಟೇ: "ಕಾಲುಬಾಯಿ ಜ್ವರದ ಲಸಿಕೆ. ಗುರುವಾರ, 14ನೇ ತಾರೀಕು. ಬೆಳಗ್ಗೆ 7ರಿಂದ 10. ಡೇರಿ ಮುಂದೆ. ಕಿವಿಯೋಲೆ ಬಿದ್ದು ಹೋಗಿದ್ದರೆ ಮೊದಲೇ ತಿಳಿಸಿ. ನಾಲ್ಕು ತಿಂಗಳೊಳಗಿನ ಕರು ತರಬೇಡಿ. ತುಂಬು ಗಬ್ಬದ ಹಸು ಇದ್ದರೆ ಮೊದಲು ಡಾಕ್ಟರನ್ನು ಕೇಳಿ." ವಾರ, ತಾರೀಕು ಎರಡೂ ಇತ್ತು. 'ನಾಳೆ' ಎಲ್ಲೂ ಇರಲಿಲ್ಲ.

ಹಾಗಾದರೆ ವಿಡಿಯೊ ಬೇಡವೇ? ಬೇಕು, ಆದರೆ ಊರಿಗೆಲ್ಲ ಅಲ್ಲ. ಕಳೆದ ಸಲ ಬರದ ಮನೆಗಳಲ್ಲಿ ಬಹಳ ಮಂದಿಗೆ ತಾರೀಕು ಗೊತ್ತಿತ್ತು. ಅವರ ಭಯ ಬೇರೆ. "ಚುಚ್ಚಿಸಿದರೆ ಹಾಲು ಕಮ್ಮಿಯಾಗುತ್ತೆ." ಇದು ಸುಳ್ಳಲ್ಲ. ಲಸಿಕೆಯಾದ ಮೇಲೆ ಎರಡು ಮೂರು ದಿನ ಸ್ವಲ್ಪ ಜ್ವರ, ಚುಚ್ಚಿದ ಕಡೆ ಊತ ಬರಬಹುದು, ಹಾಲು ಇಳಿಯಬಹುದು. ಆಮೇಲೆ ಸರಿಹೋಗುತ್ತದೆ. ರೋಗವೇ ಬಂದರೆ ಬಾಯಿ, ಗೊರಸಲ್ಲಿ ಹುಣ್ಣಾಗಿ ಹಸು ಮೇವು ಬಿಡುತ್ತದೆ, ಹಾಲು ಬಹಳ ದಿನ ಹೋಗುತ್ತದೆ. ಈ ಮಾತನ್ನು ಬರೆದು ಕಳಿಸಿದರೆ ಸರ್ಕಾರಿ ನೋಟಿಸಿನಂತೆ ಕಾಣುತ್ತದೆ. ಪರಿಚಯದ ಮುಖ ಹೇಳಿದರೆ ಕಿವಿಗೆ ಬೀಳುತ್ತದೆ.

ಅಕ್ಕ ಆ ಮನೆಗಳಿಗೆ ಒಂದೊಂದೇ ವಿಡಿಯೊ ಮಾಡಿದರು, ಒಂದೊಂದೂ ನಲವತ್ತು ಸೆಕೆಂಡಿನೊಳಗೆ. ತಮ್ಮ ಕೊಟ್ಟಿಗೆಯಲ್ಲೇ, ಹಸು ಪಕ್ಕ ನಿಂತು. "ಅಣ್ಣಾ, ನಿಮ್ಮ ಕೆಂದ ಹಸು ಕರು ಹಾಕಿ ಎರಡು ತಿಂಗಳಾಯ್ತಲ್ವಾ? ನಂದೂ ಹಿಂಗೇ ಹಾಲು ಕೊಡೋದೇ. ಹೋದ್ಸಲ ಚುಚ್ಚಿಸಿದಾಗ ಎರಡು ದಿನ ಒಂದೊಂದು ಲೀಟರ್ ಕಮ್ಮಿಯಾಯ್ತು, ಆಮೇಲೆ ಸರಿಹೋಯ್ತು. ಏನಾದ್ರೂ ಅನುಮಾನ ಇದ್ರೆ ನಂಗೆ ಫೋನ್ ಮಾಡಿ." ಅಷ್ಟೇ. ಅದರ ಕೆಳಗೆ ತಾರೀಕಿನ ಬರಹ. ಹಾಲು ಇಳಿಯುವುದನ್ನು ಮುಚ್ಚಿಡಲಿಲ್ಲ, ಅದೇ ಕೆಲಸ ಮಾಡಿತು ಅಂತ ನಮಗನ್ನಿಸುತ್ತದೆ. ಬಹಳ ಮನೆಯವರು ಹಸು ತಂದರು. ಒಬ್ಬರು ಮಾತ್ರ ವಿಡಿಯೊ ನೋಡಿಯೂ ತರಲಿಲ್ಲ.

ಮಾಡುವಾಗ ಎಡವಿದ್ದು ಎರಡು ಕಡೆ. ಮೊದಲನೆಯದು, ಬಿಸಿಲಿಗೆ ಬೆನ್ನು ಮಾಡಿ ನಿಂತದ್ದು. ಮುಖ ಕಪ್ಪಾಗಿ ಯಾರೆಂದೇ ತಿಳಿಯಲಿಲ್ಲ. ಇನ್ನೊಂದು, ಒಂದು ಮನೆಗೆ ಮಾಡಿದ್ದನ್ನು ಇನ್ನೊಂದು ಮನೆಗೂ ಕಳಿಸಿದ್ದು. "ನಮ್ಮನೇಲಿ ಕೆಂದ ಹಸು ಎಲ್ಲಿದೆ ಅಕ್ಕ?" ಅಂತ ಅಲ್ಲಿಂದ ಫೋನ್ ಬಂತು. ಅಲ್ಲಿಗೆ ಹೆಸರು ಹಿಡಿದು ಕರೆದ ಮರ್ಯಾದೆಯೇ ಹೋಯಿತು.

ತರದೇ ಇದ್ದ ಆ ಮನೆಯ ವಿಷಯ ಬೇರೆ. ಹಿಂದೊಮ್ಮೆ ಲಸಿಕೆ ಆದ ವಾರದಲ್ಲೇ ಅವರ ಹಸು ಸತ್ತಿತ್ತು. ಕಾರಣ ಏನೇ ಇರಲಿ, ಅವರಿಗೆ ವಿಡಿಯೊ ಕಳಿಸಿದ್ದೇ ತಪ್ಪು. ಅಕ್ಕ ಮುಂದಿನ ವಾರ ಡಾಕ್ಟರನ್ನು ಕರೆದುಕೊಂಡು ಅವರ ಮನೆಗೇ ಹೋಗಿ ಕೂತು ಮಾತಾಡುತ್ತೇನೆ ಅಂದಿದ್ದಾರೆ. ನಾವೂ ಜೊತೆಗೆ ಹೋಗುತ್ತಿದ್ದೇವೆ, ಫೋನು ಜೇಬಲ್ಲೇ ಇರುತ್ತದೆ.