ಸ್ರಾವ ನಿಂತ ಕಿವಿ

ಕಿವಿ ಸೋರುವ ರೋಗಕ್ಕೆ ನಮ್ಮ ಪ್ರಾಚೀನ ವೈದ್ಯಶಾಸ್ತ್ರವು ಕರ್ಣಸ್ರಾವವೆಂಬ ಹೆಸರನ್ನಿಟ್ಟಿದೆ. ಸ್ರಾವವು ನಿಂತೊಡನೆ ರೋಗವೇ ತೀರಿತೆಂದು ಬಗೆಯುವುದು ಮನೆಮನೆಯ ವಾಡಿಕೆಯಾಗಿದೆ. ಆದರೆ ಸ್ರಾವ ನಿಲ್ಲುವುದು ಬೇರೆ, ಕಿವಿಯ ತಮಟೆಯ ತೂತು ಮುಚ್ಚುವುದು ಬೇರೆ. ಈ ಭೇದವನ್ನೇ ಈ ಸಲ ವಾಚಕರ ಮುಂದಿಡುವೆವು.

ಕಲಘಟಗಿ ತಾಲೂಕಿನ ದೇವಿಕೊಪ್ಪದಲ್ಲಿ ನಾವು ಬಲ್ಲ ಒಂದು ಒಕ್ಕಲುತನದ ಮನೆಯಿದೆ. ಅಲ್ಲಿಯ 16 ವರ್ಷದ ಹುಡುಗಿಗೆ ಚಿಕ್ಕಂದಿನಿಂದಲೂ ನೆಗಡಿ ಬಂದಾಗಲೆಲ್ಲ ಬಲಗಿವಿ ಸೋರುತ್ತಿತ್ತು. ವೈದ್ಯರು ಹನಿ ಔಷಧದಿಂದ ಅದನ್ನು ಒಣಗಿಸಿ, ಪುನಃ ಬಂದು ತೋರಿಸಲು ಹೇಳಿದ್ದರು. ಆಗ ಅವಳ ತಾಯಿ ನಮ್ಮನ್ನು, “ಮಾಸ್ತರ್ರ, ಸೋರೂದು ನಿಂತೈತ್ರಿ, ಇನ್ನ ದವಾಖಾನಿಗೆ ಯಾಕ ಹೋಗ್ಬೇಕ್ರಿ?” ಎಂದು ಕೇಳಿದಳು. ಪ್ರಶ್ನೆ ಸಹಜವಾದುದೇ. ಆದರೆ ಬಲಗಡೆಯಿಂದ ಮೆಲ್ಲಗೆ ಕರೆದರೆ ಹುಡುಗಿ ತಿರುಗುತ್ತಿರಲಿಲ್ಲ.

ತಮಟೆಯು ಅತಿ ತೆಳುವಾದ ಪೊರೆ. ಅದರ ದಪ್ಪ ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು. ಹೊಸದಾಗಿ ಹರಿದರೆ ಅದು ಅನೇಕ ವೇಳೆ ತಾನಾಗಿಯೇ ಕೂಡಿಕೊಳ್ಳುತ್ತದೆ. ವರ್ಷಗಟ್ಟಲೆ ಉಳಿದ ತೂತಿನ ಅಂಚಿನಲ್ಲಾದರೋ ಹೊರಗಿನ ಚರ್ಮವೂ ಒಳಗಿನ ಲೋಳೆಪೊರೆಯೂ ಒಂದನ್ನೊಂದು ಸೇರಿ ಮಾಯ್ದುಬಿಟ್ಟಿರುತ್ತವೆ. ಮಾಯ್ದ ಅಂಚು ಮತ್ತೆ ಬೆಳೆಯದು. ಆದುದರಿಂದ ಒಣಗಿದ ತೂತು ತೂತಾಗಿಯೇ ಉಳಿದು, ಸ್ನಾನದ ನೀರಿಗೂ ಕೆರೆಯ ನೀರಿಗೂ ನಡುಗಿವಿಯ ಕಡೆಗೆ ದಾರಿಯಾಗುತ್ತದೆ.

ಹುಡುಗಿಯನ್ನು ಹುಬ್ಬಳ್ಳಿಗೆ ಕರೆದೊಯ್ದರು. 1957ರಲ್ಲಿ ಆರಂಭವಾದ ಅಲ್ಲಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯನ್ನು ನಮ್ಮ ಜನ ಕಿಮ್ಸ್ ಎಂದೇ ಬಲ್ಲರು. ವೈದ್ಯರು ಮೊದಲು ನೋಡಿದ್ದು ತೂತು ಎಲ್ಲಿದೆ ಎಂಬುದನ್ನು. ಅದು ತಮಟೆಯ ನಡುವಿನಲ್ಲಿದ್ದು, ಸುತ್ತಲೂ ಪೊರೆಯ ಅಂಚು ಉಳಿದಿತ್ತು. ಹಿಂದಿನ ಸ್ರಾವವು ಹೇರಳವಾಗಿ, ಲೋಳೆಯಂತೆ, ದುರ್ವಾಸನೆಯಿಲ್ಲದೆ ಬರುತ್ತಿತ್ತು. ಇವು ಅಪಾಯ ಕಡಿಮೆಯಿರುವ ಬಗೆಯ ಲಕ್ಷಣಗಳು. ತೂತು ತಮಟೆಯ ಮೇಲ್ಗಡೆಯಲ್ಲೋ ಎಲುಬಿನ ಅಂಚಿನಲ್ಲೋ ಇದ್ದು, ಸ್ವಲ್ಪವೇ ಆದರೂ ಕೊಳೆತ ನಾತದ ಸ್ರಾವ ಬರುತ್ತಿದ್ದರೆ, ಒಳಗೆ ಚರ್ಮದ ಸಿಪ್ಪೆ ಕೂಡಿ ಎಲುಬನ್ನು ತಿನ್ನುತ್ತಿರಬಹುದು. ಅದರ ಚಿಕಿತ್ಸೆಯೇ ಬೇರೆ, ಅದಕ್ಕೆ ತಡಮಾಡಲಾಗದು.

ಬಳಿಕ ಶ್ರವಣಪರೀಕ್ಷೆಯಾಯಿತು. ಎಲುಬಿನ ಮೂಲಕ ಶಬ್ದವು ಸರಿಯಾಗಿ ಕೇಳುತ್ತಿದ್ದು, ಗಾಳಿಯ ಮೂಲಕ ಮಾತ್ರ 30 ಡೆಸಿಬೆಲ್ ಕೊರತೆಯಿತ್ತು. ಅಂದರೆ ಶ್ರವಣದ ನರ ಕೆಟ್ಟಿರಲಿಲ್ಲ. ತೂತಿನ ಮೇಲೆ ತೆಳುಕಾಗದದ ಚೂರನ್ನಿಟ್ಟೊಡನೆ ಹುಡುಗಿಗೆ ಚೆನ್ನಾಗಿ ಕೇಳಿಸಿತು. ಕಿವಿಯೊಳಗಿನ ಮೂರು ಸಣ್ಣ ಎಲುಬುಗಳ ಸರಪಳಿ ನೆಟ್ಟಗಿದೆಯೆಂಬುದಕ್ಕೆ ಇದು ಸಾಕ್ಷಿ. ಸರಪಳಿ ಕಡಿದಿದ್ದರೆ ತಮಟೆಯೊಂದನ್ನೇ ಮುಚ್ಚಿದರೆ ಸಾಲದು. ನರವೇ ಕೆಟ್ಟಿದ್ದರಂತೂ ಈ ಶಸ್ತ್ರಕ್ರಿಯೆಯಿಂದ ಆ ಕಿವುಡು ಹೋಗದು.

ಈ ಕ್ರಿಯೆಗೆ ಟಿಂಪನೊಪ್ಲಾಸ್ಟಿ ಎನ್ನುವರು. 1950ರ ದಶಕದ ಆರಂಭದಲ್ಲಿ ಜರ್ಮನಿಯ ವುಲ್‌ಸ್ಟೈನ್ ಮತ್ತು ಝೋಲ್ನರ್ ಎಂಬ ವೈದ್ಯರು ಇದನ್ನು ಶಾಸ್ತ್ರೀಯವಾಗಿ ನೆಲೆಗೊಳಿಸಿದರು. ಕಿವಿ ಕೆಲವು ವಾರ ಒಣಗಿರುವ ಕಾಲವನ್ನೇ ವೈದ್ಯರು ಸಾಮಾನ್ಯವಾಗಿ ಇದಕ್ಕೆ ಆರಿಸುತ್ತಾರೆ. ತಾಯಿಯ ಪ್ರಶ್ನೆಗೆ ಇದೇ ಉತ್ತರ. ಸೂಕ್ಷ್ಮದರ್ಶಕದಲ್ಲಿ ನೋಡುತ್ತ ತೂತಿನ ಮಾಯ್ದ ಅಂಚನ್ನು ಕೆತ್ತಿ ಹಸಿಮಾಡಿದರು. ಕಿವಿಯ ಮೇಲಿನ ಸ್ನಾಯುವನ್ನು ಹೊದ್ದ ತೆಳ್ಳನೆಯ ಪೊರೆಯ ಒಂದು ತುಣುಕನ್ನು ತೆಗೆದು, ಒಣಗಿಸಿ, ತಮಟೆಯ ಒಳಬದಿಗೆ ಹಾಸಿದರು. ಅದು ಜಾರದಂತೆ, ತಾನಾಗಿ ಕರಗಿಹೋಗುವ ಮೃದುವಾದ ಸ್ಪಂಜಿನ ಚೂರುಗಳನ್ನು ಆನಿಕೆಯಾಗಿಟ್ಟರು. ಈ ಪೊರೆಯು ಚಪ್ಪರವಿದ್ದಂತೆ. ಅದರ ಆಸರೆಯಲ್ಲಿ ತಮಟೆಯ ಬಳ್ಳಿ ಹಬ್ಬಿ ತೂತನ್ನು ಮುಚ್ಚಬೇಕು.

ಮುಂದಿನ ವಾರಗಳ ಪಥ್ಯ ಮನೆಯವರ ಕೈಯಲ್ಲಿದೆ. ಹುಡುಗಿ ಒಂದು ತಿಂಗಳು ಮೂಗನ್ನು ಜೋರಾಗಿ ಸೀನಿ ತೆಗೆಯಲಿಲ್ಲ. ಸೀನು ಬಂದರೆ ಬಾಯಿ ತೆರೆದೇ ಸೀನಿದಳು. ಮೂಗಿನಿಂದ ಕಿವಿಗೆ ಒಂದು ನಾಳವಿರುವುದರಿಂದ, ಆ ಒತ್ತಡವು ಹೊಸ ಪೊರೆಯನ್ನು ಕಿತ್ತುಬಿಡಬಲ್ಲದು. ಭಾರ ಹೊರಲಿಲ್ಲ, ಕಿವಿಗೆ ನೀರು ತಾಕಿಸಲಿಲ್ಲ. ಮೂರು ತಿಂಗಳ ಮೇಲೆ ನೋಡಿದಾಗ ತೂತು ಮುಚ್ಚಿತ್ತು, ಕೊರತೆಯು 12 ಡೆಸಿಬೆಲ್ಲಿಗೆ ಇಳಿದಿತ್ತು. ಎಲ್ಲರಿಗೂ ಹೀಗೆಯೇ ಆಗುವುದೆಂದು ಹೇಳಲಾರೆವು. ನೆಗಡಿ, ಸೋಂಕು, ಧೂಮಪಾನ ಇವು ಪೊರೆ ಹಿಡಿಯದಂತೆ ಮಾಡಬಲ್ಲವು. ಮತ್ತೆ ಸ್ರಾವ ತೋರಿದರೆ ಕೂಡಲೆ ವೈದ್ಯರ ಬಳಿಗೆ ಹೋಗತಕ್ಕದ್ದು.

ಶಸ್ತ್ರಕ್ರಿಯೆಗೆ ಇನ್ನೂ ಕಾಲವಿರುವವರು ಸ್ನಾನದ ಮುಂಚೆ ವ್ಯಾಸಲೀನು ಸವರಿದ ಅರಳೆಯನ್ನು ಕಿವಿಯ ಬಾಯಿಗಿಡಲಿ, ಕೆರೆಯಲ್ಲಿ ಮುಳುಗದಿರಲಿ. ಬೆಳ್ಳುಳ್ಳಿ ಕಾಯಿಸಿದ ಎಣ್ಣೆಯನ್ನು ಮಾತ್ರ ಎಂದಿಗೂ ಹಾಕಕೂಡದು, ಏಕೆಂದರೆ ಅದನ್ನು ಹೊರಗೇ ತಡೆಯಬೇಕಾದ ಪೊರೆಯಲ್ಲೇ ತೂತಿದೆ.